ಮೂತ್ರಪಿಂಡಕ್ಕೆ ತಲುಪುವ ಸುದ್ದಿ

ಹೃದಯ ವೈಫಲ್ಯದಿಂದ ಬಳಲುವವರ ಕಣಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಬೆರಳು ತೆಗೆದ ಮೇಲೂ ಆ ಗುಳಿ ಕೆಲಹೊತ್ತು ಹಾಗೇ ಉಳಿಯುತ್ತದೆ. ಮೈಯಲ್ಲಿ ಐದಾರು ಲೀಟರ್ ನೀರು ಹೆಚ್ಚಾಗಿ ನಿಂತಿರುತ್ತದೆ, ಶ್ವಾಸಕೋಶದ ತಳದಲ್ಲೂ ತೇವ ಸೇರಿರುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಇನ್ನೂ ಔಷಧ ಮುಟ್ಟದ ಅಂಥ ವ್ಯಕ್ತಿಯ ಮೂತ್ರವನ್ನು ಪರೀಕ್ಷಿಸಿ ನೋಡಿದರೆ ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ನೀರಿನಲ್ಲಿ ಮುಳುಗುತ್ತಿರುವ ಒಂದು ದೇಹದಲ್ಲಿ ಮೂತ್ರಪಿಂಡ ಒಂದೊಂದು ಕಣ ಉಪ್ಪನ್ನೂ ಹೆಕ್ಕಿ ಒಳಗಿಟ್ಟುಕೊಳ್ಳುತ್ತಿದೆ. ಎಲ್ಲಿ ಉಪ್ಪು ಉಳಿಯುತ್ತದೋ ಅಲ್ಲಿ ನೀರೂ ಉಳಿಯುತ್ತದೆ. ಎಂಟೊಂಬತ್ತು ಗ್ರಾಂ ಉಪ್ಪಿಗೆ ಸುಮಾರು ಒಂದು ಲೀಟರ್.

ಮೂತ್ರಪಿಂಡ ಕೆಟ್ಟಿದೆಯೇ ಎಂದರೆ, ಇಲ್ಲ. ಆರೋಗ್ಯವಾಗಿದೆ. ತನಗೆ ತಲುಪಿದ ಸುದ್ದಿಗೆ ಅದು ಅಕ್ಷರಶಃ ಸರಿಯಾದ ಉತ್ತರವನ್ನೇ ಕೊಡುತ್ತಿದೆ. ನನ್ನನ್ನು ಈ ವಿಷಯದ ಕಡೆಗೆ ಮತ್ತೆ ಮತ್ತೆ ಎಳೆಯುವುದು ಇದೇ. ಇಲ್ಲಿ ಕಾಯಿಲೆಯೆಂದರೆ ಒಂದು ಅಂಗದ ಸೋಲು ಮಾತ್ರವಲ್ಲ, ಆ ಸೋಲಿಗೆ ಇನ್ನೊಂದು ಅಂಗ ತೋರುವ ನಿಷ್ಠೆಯೂ ಹೌದು.

ನಮ್ಮ ಕೆರೆಗಳ ಕೆಳಗೆ ಹಿಂದೆ ನೀರುಗಂಟಿಗಳಿದ್ದರು. ಅಚ್ಚುಕಟ್ಟಿನ ಕೊನೆಯ ಗದ್ದೆಯಲ್ಲಿ ಕುಳಿತ ನೀರುಗಂಟಿಗೆ ಕಾಣುವುದು ತನ್ನ ಮುಂದಿನ ಕಾಲುವೆ ಮಾತ್ರ. ಕಾಲುವೆಯಲ್ಲಿ ನೀರು ಇಳಿದರೆ ಕೆರೆ ಬತ್ತುತ್ತಿದೆಯೆಂದೇ ಅವನು ತಿಳಿಯುತ್ತಾನೆ, ಪ್ರತಿ ಹನಿಯನ್ನೂ ಉಳಿಸಲು ತೊಡಗುತ್ತಾನೆ. ಮೇಲೆ ಕೆರೆ ಕೋಡಿ ಬಿದ್ದು ಊರಿಗೆ ನುಗ್ಗುತ್ತಿದ್ದು, ನಡುವೆ ತೂಬು ಮಾತ್ರ ಕಟ್ಟಿಕೊಂಡಿದ್ದರೂ ಅವನಿಗೆ ಗೊತ್ತಾಗುವ ಬಗೆಯಿಲ್ಲ. ಮೂತ್ರಪಿಂಡದ ಸ್ಥಿತಿಯೂ ಅಷ್ಟೇ. ಸೋತ ಹೃದಯ ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಹೋದಾಗ ಮೂತ್ರಪಿಂಡಕ್ಕೆ ಬರುವ ಹರಿವು ಕುಗ್ಗುತ್ತದೆ. ಅಲ್ಲಿಂದ ನೋಡಿದರೆ ಗಾಯವಾಗಿ ರಕ್ತ ಸುರಿದುಹೋದದ್ದಕ್ಕೂ ಹೃದಯ ಸೋತದ್ದಕ್ಕೂ ವ್ಯತ್ಯಾಸ ಕಾಣದು.

ಈ ಸುದ್ದಿಯನ್ನು ಓದುವ ಜಾಗ ಬಹಳ ಚಿಕ್ಕದು. ರಕ್ತವನ್ನು ಸೋಸುವ ಪ್ರತಿಯೊಂದು ಗ್ಲೊಮೆರುಲಸ್‌ನ ಬಾಗಿಲಲ್ಲಿ, ಒಳಬರುವ ಸಣ್ಣ ರಕ್ತನಾಳದ ಗೋಡೆಯಲ್ಲಿ, ಕೆಲವು ವಿಶೇಷ ಜೀವಕೋಶಗಳಿವೆ. ನಾಳದಲ್ಲಿ ಒತ್ತಡ ಇಳಿದು ಗೋಡೆ ಸಡಿಲವಾದರೆ ಅವು ಅದನ್ನು ನೇರವಾಗಿ ಗ್ರಹಿಸುತ್ತವೆ. ಅವಕ್ಕೆ ತಗುಲಿಕೊಂಡೇ ಹಾದುಹೋಗುವ ಮೂತ್ರನಾಳಿಕೆಯಲ್ಲಿ ಮ್ಯಾಕ್ಯುಲಾ ಡೆನ್ಸಾ ಎಂಬ ಇನ್ನೊಂದು ಗುಂಪಿದೆ. ತನ್ನೆದುರು ಹರಿಯುವ ದ್ರವದಲ್ಲಿ ಉಪ್ಪು ಕಡಿಮೆಯಾಯಿತೇ ಎಂದು ಅದು ನೋಡುತ್ತದೆ. ಮೂರನೆಯದು ನರದ ಮೂಲಕ ಬರುವ ಕರೆ: ದೇಹ ಅಪಾಯದಲ್ಲಿದೆಯೆಂದು ಮಿದುಳು ಭಾವಿಸಿದಾಗ ಸಿಂಪಥೆಟಿಕ್ ನರಗಳು ಆ ಜೀವಕೋಶಗಳ ಮೇಲಿನ ಬೀಟಾ-1 ಗ್ರಾಹಿಯನ್ನು ತಟ್ಟುತ್ತವೆ. ಈ ಮೂರರಲ್ಲಿ ಯಾವುದು ಬಂದರೂ ಆ ಜೀವಕೋಶಗಳು ರಕ್ತಕ್ಕೆ ರೆನಿನ್ ಬಿಡುತ್ತವೆ. ಹೃದಯ ವೈಫಲ್ಯದಲ್ಲಿ ಮೂರೂ ಒಟ್ಟಿಗೆ ಬರುತ್ತವೆ.

ರೆನಿನ್ ತಾನಾಗಿ ರಕ್ತದೊತ್ತಡವನ್ನು ಏರಿಸುವುದಿಲ್ಲ. ಅದೊಂದು ಕಿಣ್ವ, ಜಗತ್ತಿನಲ್ಲಿ ಅದಕ್ಕೆ ಇರುವುದು ಒಂದೇ ಕೆಲಸ. ಲಿವರ್ ಸದಾ ತಯಾರಿಸಿ ರಕ್ತದಲ್ಲಿ ತೇಲಿಬಿಟ್ಟಿರುವ ಆಂಜಿಯೊಟೆನ್ಸಿನೊಜೆನ್ ಎಂಬ ಪ್ರೋಟೀನಿನ ತುದಿಯಿಂದ ಹತ್ತು ಅಮೈನೋ ಆಮ್ಲಗಳ ತುಣುಕನ್ನು ಕತ್ತರಿಸುವುದು. ನಾನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ ಅದು ಹುಡುಕುವುದು ಒಂದೇ ಒಂದು ಕೊಂಡಿಯನ್ನು. ಕತ್ತರಿಸಿ ಬಂದ ಹತ್ತರ ತುಣುಕು ಆಂಜಿಯೊಟೆನ್ಸಿನ್-1. ಅದಕ್ಕೂ ಹೇಳಿಕೊಳ್ಳುವಂಥ ಶಕ್ತಿಯಿಲ್ಲ. ಅದು ರಕ್ತದ ಜೊತೆ ಶ್ವಾಸಕೋಶಕ್ಕೆ ಹೋದಾಗ ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಒಳಮೈಯಲ್ಲಿ ಎಸಿಇ ಎಂಬ ಇನ್ನೊಂದು ಕಿಣ್ವ ಬಾಲದ ಎರಡು ಅಮೈನೋ ಆಮ್ಲಗಳನ್ನು ತೆಗೆದುಹಾಕುತ್ತದೆ. ಉಳಿದ ಎಂಟು, ಆಂಜಿಯೊಟೆನ್ಸಿನ್-2, ದೇಹದಲ್ಲಿ ಹುಟ್ಟುವ ಅತಿ ಪ್ರಬಲ ರಕ್ತನಾಳ ಸಂಕೋಚಕಗಳಲ್ಲಿ ಒಂದು. ಒಂದು ನಿಮಿಷವೂ ತುಂಬುವ ಮೊದಲೇ ಅದರಲ್ಲಿ ಅರ್ಧದಷ್ಟು ನಾಶವಾಗಿಬಿಡುತ್ತದೆ. ಅಷ್ಟು ಅಲ್ಪಾಯುಷಿಯಾದ ಎಂಟು ಅಮೈನೋ ಆಮ್ಲಗಳ ಕೈಯಲ್ಲಿ ಇಡೀ ದೇಹದ ನೀರಿನ ಲೆಕ್ಕ ಇದೆಯೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ತುಣುಕು ಎಟಿ-1 ಎಂಬ ಗ್ರಾಹಿಯ ಮೇಲೆ ಕುಳಿತ ಕೂಡಲೇ ರಕ್ತನಾಳಗಳು ಬಿಗಿಯುತ್ತವೆ, ಬಾಯಾರಿಕೆ ಹುಟ್ಟುತ್ತದೆ. ಮೂತ್ರಪಿಂಡದಲ್ಲಿ ಅದು ಮಾಡುವ ಕೆಲಸವಂತೂ ಬಹಳ ನಾಜೂಕಿನದು: ಗ್ಲೊಮೆರುಲಸ್‌ನಿಂದ ಹೊರಹೋಗುವ ನಾಳವನ್ನು ಒಳಬರುವ ನಾಳಕ್ಕಿಂತ ಹೆಚ್ಚು ಬಿಗಿಹಿಡಿಯುತ್ತದೆ. ಬರುವ ರಕ್ತ ಕಡಿಮೆಯಾದರೂ ಒಳಗಿನ ಒತ್ತಡ ಉಳಿದು ಸೋಸುವಿಕೆ ನಡೆದೇ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಕೊನೆಗೆ ಅದು ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಆಲ್ಡೊಸ್ಟಿರೋನನ್ನು ಹೊರಡಿಸುತ್ತದೆ. ಆಲ್ಡೊಸ್ಟಿರೋನ್ ಅವಸರದ ಹಾರ್ಮೋನಲ್ಲ. ಜೀವಕೋಶದ ಒಳಗೆ ಹೋಗಿ, ವಂಶವಾಹಿಗಳನ್ನು ಎಬ್ಬಿಸಿ, ಹೊಸ ಪ್ರೋಟೀನುಗಳನ್ನು ಕಟ್ಟಿಸುತ್ತದೆ. ಅದಕ್ಕೆ ಗಂಟೆಗಳು ಬೇಕು. ಮೂತ್ರನಾಳಿಕೆಯ ಕೊನೆಯ ಭಾಗದಲ್ಲಿ ಸೋಡಿಯಂ ಒಳಬರುವ ದಾರಿಗಳನ್ನು ಹೆಚ್ಚಿಸುತ್ತದೆ, ಪೊಟ್ಯಾಸಿಯಮನ್ನು ಹೊರಕ್ಕೆ ಕಳಿಸುತ್ತದೆ.

ಆ ಕೊನೆಯ ಭಾಗದ ಲೆಕ್ಕ ಕೇಳಿ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿರುವ ಉಪ್ಪು ಹತ್ತಿರ ಹತ್ತಿರ ಒಂದೂವರೆ ಕಿಲೋ. ಬಹುಪಾಲು ದಾರಿಯಲ್ಲೇ ವಾಪಸಾಗುತ್ತದೆ. ಆಲ್ಡೊಸ್ಟಿರೋನಿನ ಅಧಿಕಾರ ನಡೆಯುವುದು ನೂರರಲ್ಲಿ ಎರಡು ಮೂರು ಪಾಲಿನ ಮೇಲೆ ಮಾತ್ರ. ಅಷ್ಟೇ ಆದರೂ ಅದು ದಿನಕ್ಕೆ ಮೂವತ್ತು ನಲವತ್ತು ಗ್ರಾಂ ಉಪ್ಪಿನ ಮಾತು. ನಾವು ದಿನವೂ ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು.

ಇಷ್ಟೊಂದು ಎಚ್ಚರ ಯಾವ ಕಾಲಕ್ಕಾಗಿ ಎಂದು ಕೇಳಿಕೊಂಡರೆ ಅಮೆಜಾನ್ ಕಾಡಿನ ಯಾನೊಮಾಮಿ ಜನ ಉತ್ತರ ಕೊಡುತ್ತಾರೆ. ಅಡುಗೆಗೆ ಉಪ್ಪು ಬೆರೆಸದೆ ಬದುಕಿದ ಅವರ ಮೂತ್ರವನ್ನು 1970ರ ದಶಕದಲ್ಲಿ ಪರೀಕ್ಷಿಸಿದಾಗ ದಿನಕ್ಕೆ ಹೊರಹೋಗುವ ಸೋಡಿಯಂ ಒಂದು ಮಿಲಿಮೋಲ್‌ನ ಆಸುಪಾಸಿನಲ್ಲಿತ್ತು. ನಮ್ಮ ನಿಮ್ಮಂಥವರಲ್ಲಿ ಅದು ನೂರನ್ನು ಸುಲಭವಾಗಿ ದಾಟುತ್ತದೆ. ಅವರ ರಕ್ತದಲ್ಲಿ ರೆನಿನ್ ಹೆಚ್ಚು, ಆಲ್ಡೊಸ್ಟಿರೋನ್ ಹೆಚ್ಚು. ರಕ್ತದೊತ್ತಡ ಮಾತ್ರ ಕಡಿಮೆ, ಮತ್ತು ವಯಸ್ಸಾದಂತೆ ಏರುವುದೂ ಇಲ್ಲ. ಹಾರ್ಮೋನುಗಳು ಹೆಚ್ಚಿದ್ದರೂ ಕೇಡಿಲ್ಲ, ಏಕೆಂದರೆ ಅಲ್ಲಿ ಸುದ್ದಿ ನಿಜ. ನಿಜವಾಗಿಯೂ ಉಪ್ಪಿಲ್ಲ.

ಸುದ್ದಿ ಸುಳ್ಳಾದಾಗ ಏನಾಗುತ್ತದೆಂಬುದನ್ನು 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ತೋರಿಸಿದರು. ನಾಯಿಗಳ ಮೂತ್ರಪಿಂಡದ ಧಮನಿಗೆ ಬೆಳ್ಳಿಯ ಪಟ್ಟಿ ಹಾಕಿ ಅದನ್ನು ಕಿರಿದಾಗಿಸಿದಾಗ ಅವುಗಳ ರಕ್ತದೊತ್ತಡ ಏರಿ ನಿಂತಿತು. ಮೂತ್ರಪಿಂಡದ ಸಾರದಲ್ಲಿ ಒತ್ತಡ ಏರಿಸುವ ಏನೋ ಇದೆಯೆಂದು 1898ರಲ್ಲೇ ಸ್ಟಾಕ್‌ಹೋಮ್‌ನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲಗಳಲ್ಲಿ ಕಂಡು ಅದಕ್ಕೆ ರೆನಿನ್ ಎಂದು ಹೆಸರಿಟ್ಟಿದ್ದರು. ಆದರೆ ಆ ಕೆಲಸ ಬಹುಕಾಲ ಮರೆತುಹೋಗಿತ್ತು. ಎಲ್ಲ ಏರುರಕ್ತದೊತ್ತಡಕ್ಕೂ ರೆನಿನ್ ಕಾರಣವೆಂದು ಮಾತ್ರ ತಿಳಿಯಬಾರದು. ವಯಸ್ಸಾದ ಅನೇಕರಲ್ಲಿ ಬಿಪಿ ಹೆಚ್ಚಿದ್ದರೂ ರೆನಿನ್ ಕಡಿಮೆಯೇ ಇರುತ್ತದೆ. ಅಂಥವರಿಗೆ ಬರೀ ಈ ವ್ಯವಸ್ಥೆಯನ್ನು ತಡೆಯುವ ಮಾತ್ರೆ ಕೊಟ್ಟರೆ ಒತ್ತಡ ಅಷ್ಟಾಗಿ ಇಳಿಯದು. ಕ್ಯಾಲ್ಸಿಯಂ ದಾರಿ ಮುಚ್ಚುವ ಮಾತ್ರೆಯೋ ಮೂತ್ರ ಹೆಚ್ಚಿಸುವ ಮಾತ್ರೆಯೋ ಬೇಕಾಗುತ್ತದೆ.

ಈ ಸರಪಳಿಯನ್ನು ನಡುವೆ ಕಡಿಯಬಹುದೆಂಬ ಸುಳಿವು ಬಂದದ್ದು ಬ್ರೆಜಿಲ್‌ನ ಜರಾರಾಕಾ ಎಂಬ ವಿಷಸರ್ಪದಿಂದ. ಅದು ಕಚ್ಚಿದವರ ರಕ್ತದೊತ್ತಡ ಕುಸಿದುಬೀಳುತ್ತದೆ. ಆ ವಿಷ ರಕ್ತದಲ್ಲಿ ಬ್ರಾಡಿಕೈನಿನ್ ಎಂಬ, ನಾಳಗಳನ್ನು ಸಡಿಲಿಸುವ ವಸ್ತುವನ್ನು ಬಿಡುಗಡೆ ಮಾಡುತ್ತದೆಂದು ರೋಶಾ ಎ ಸಿಲ್ವಾ ಮತ್ತು ಸಂಗಡಿಗರು 1949ರಲ್ಲಿ ಪ್ರಕಟಿಸಿದರು. ಅವರ ಶಿಷ್ಯ ಸರ್ಜಿಯೊ ಫೆರೇರಾ 1965ರಲ್ಲಿ ಇನ್ನೊಂದನ್ನು ಕಂಡರು: ಅದೇ ವಿಷದಲ್ಲಿ ಬ್ರಾಡಿಕೈನಿನ್ ಕರಗಿಹೋಗದಂತೆ ತಡೆಯುವ ಅಂಶವೂ ಇದೆ. ಆ ಸಾರವನ್ನು ಅವರು ಲಂಡನ್ನಿಗೆ, ಜಾನ್ ವೇನ್ ಅವರ ಪ್ರಯೋಗಶಾಲೆಗೆ ಒಯ್ದರು. ಅಲ್ಲಿ ಬಾಖ್ಲೆ ಎಂಬ ವಿಜ್ಞಾನಿ ಅದನ್ನು ನಾಯಿಯ ಶ್ವಾಸಕೋಶದ ಎಸಿಇ ಮೇಲೆ ಹಾಕಿ ನೋಡಿದಾಗ ಆಂಜಿಯೊಟೆನ್ಸಿನ್-2 ಹುಟ್ಟುವುದೇ ನಿಂತಿತು. ಬ್ರಾಡಿಕೈನಿನನ್ನು ಒಡೆಯುವ ಕಿಣ್ವವೂ ಆಂಜಿಯೊಟೆನ್ಸಿನನ್ನು ಹರಿತಗೊಳಿಸುವ ಕಿಣ್ವವೂ ಒಂದೇ ಎಂದು ಮುಂದೆ ತಿಳಿಯಿತು. ನಾಳ ಸಡಿಲಿಸುವುದನ್ನು ಉಳಿಸಿ, ಬಿಗಿಯುವುದನ್ನು ಹುಟ್ಟದಂತೆ ಮಾಡಿ, ಒಂದೇ ಕಿಣ್ವವನ್ನು ತಡೆದು ಬೇಟೆಯನ್ನು ಕೆಡಹುವ ಉಪಾಯವನ್ನು ಹಾವು ಎಷ್ಟೋ ಕಾಲದಿಂದ ಹಲ್ಲಿನಲ್ಲಿ ಹೊತ್ತು ತಿರುಗುತ್ತಿತ್ತು. ವಿಷದ ಪೆಪ್ಟೈಡ್ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಹಾಗಾಗಿ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಆ ಕಿಣ್ವದ ಸತುವಿನ ಕೇಂದ್ರಕ್ಕೆ ಅಂಟಿಕೊಳ್ಳುವ ಪುಟ್ಟ ಅಣುವೊಂದನ್ನು ರೂಪಿಸಿದರು. ಅದೇ ಕ್ಯಾಪ್ಟೊಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಈಗ ಹೃದ್ರೋಗದ ವಾರ್ಡುಗಳಲ್ಲಿ ಪದೇ ಪದೇ ಕಾಣಸಿಗುವಂಥ ಒಬ್ಬ ರೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಐವತ್ತೆಂಟು ವರ್ಷದ ರೈತ, ಹಿಂದಿನ ವರ್ಷ ಹೃದಯಾಘಾತವಾಗಿದೆ. ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇ. 30ರಷ್ಟನ್ನು ಮಾತ್ರ ಹೊರದೂಡುತ್ತಿದೆ. ಬಿಪಿ 108/70, ಕ್ರಿಯಾಟಿನಿನ್ 1.2, ಪೊಟ್ಯಾಸಿಯಂ 4.3. ಒಂದು ತಿಂಗಳಲ್ಲಿ ಆರು ಕಿಲೋ ತೂಕ ಏರಿದೆ, ಅದೆಲ್ಲ ನೀರು. ಮೊದಲು ಫ್ಯುರೋಸೆಮೈಡ್ ಕೊಟ್ಟು ನೀರನ್ನು ಇಳಿಸುತ್ತಾರೆ. ಉಸಿರಾಟಕ್ಕೆ ಅದು ಬೇಗ ನೆಮ್ಮದಿ ಕೊಡುತ್ತದೆ. ಆದರೆ ಅದು ಸುದ್ದಿಯನ್ನು ತಿದ್ದುವುದಿಲ್ಲ. ಹರಿವು ಇನ್ನಷ್ಟು ಕುಗ್ಗಿತೆಂದು ಮೂತ್ರಪಿಂಡ ಹೆಚ್ಚು ರೆನಿನ್ ಬಿಡುತ್ತದೆ. ಆದ್ದರಿಂದ ಜೊತೆಗೇ ಎನಲಾಪ್ರಿಲ್ 2.5 ಮಿಲಿಗ್ರಾಂ, ದಿನಕ್ಕೆರಡು ಸಲ. ಇದು ಕ್ಯಾಪ್ಟೊಪ್ರಿಲ್‌ನ ವಂಶದ್ದು, ಶ್ವಾಸಕೋಶದ ಹಂತದಲ್ಲಿ ನಿಲ್ಲುವಂಥದ್ದು. ತೀವ್ರ ಹೃದಯ ವೈಫಲ್ಯದ 253 ಜನರ ಮೇಲೆ ನಡೆದ ಕನ್ಸೆನ್ಸಸ್ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ, ಬರೀ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 44 ಮಂದಿ ತೀರಿಕೊಂಡಿದ್ದರು. ಎನಲಾಪ್ರಿಲ್ ಪಡೆದವರಲ್ಲಿ 26.

ಎರಡು ವಾರದ ನಂತರ ಅವನ ಕ್ರಿಯಾಟಿನಿನ್ 1.4 ಆಗಿದೆ. ಕಿಡ್ನಿ ಹಾಳಾಯಿತೆಂದು ಮಾತ್ರೆ ನಿಲ್ಲಿಸಿಬಿಡುವ ಗಾಬರಿ ಇಲ್ಲೇ ಹುಟ್ಟುವುದು. ಹೊರನಾಳವನ್ನು ಬಿಗಿಹಿಡಿದಿದ್ದ ಆಂಜಿಯೊಟೆನ್ಸಿನ್ ಕಡಿಮೆಯಾದ್ದರಿಂದ ಸೋಸುವ ಒತ್ತಡ ಕೊಂಚ ಇಳಿದಿದೆ, ಅಷ್ಟೇ. ಮೊದಲಿಗಿಂತ ಶೇ. 30ರೊಳಗಿನ ಏರಿಕೆ ಔಷಧ ತನ್ನ ಕೆಲಸ ಮಾಡುತ್ತಿರುವುದರ ಗುರುತು. ಅದೇ ಒಂದೆರಡು ವಾರದಲ್ಲಿ 1.2 ಇದ್ದದ್ದು 2.5ಕ್ಕೆ ಜಿಗಿದರೆ ಎರಡೂ ಮೂತ್ರಪಿಂಡಗಳ ಧಮನಿಗಳು ಕಿರಿದಾಗಿವೆಯೇ, ಅಥವಾ ಮೈಯ ನೀರನ್ನು ಅತಿಯಾಗಿ ಒಣಗಿಸಲಾಗಿದೆಯೇ ಎಂದು ಹುಡುಕಬೇಕು.

ಮೂರನೆಯ ವಾರ ಅವನಿಗೆ ಒಣಕೆಮ್ಮು ಶುರುವಾಯಿತೆಂದುಕೊಳ್ಳಿ. ಕಫವಿಲ್ಲ, ಜ್ವರವಿಲ್ಲ, ರಾತ್ರಿಯಿಡೀ ಗಂಟಲು ಕೆರೆತ. ಇದು ಹಾವಿನ ಪಾಠದ ಇನ್ನೊಂದು ಮುಖ. ಎಸಿಇ ನಿಂತಾಗ ಬ್ರಾಡಿಕೈನಿನ್ ಉಳಿದು ಶ್ವಾಸನಾಳದಲ್ಲಿ ಸೇರಿ ಕೆರಳಿಸುತ್ತದೆ. ಅಪರೂಪಕ್ಕೆ ಇದೇ ಕಾರಣದಿಂದ ತುಟಿ, ನಾಲಿಗೆ ಊದಿ ಉಸಿರಿಗೇ ಕುತ್ತಾಗುವುದುಂಟು. ಹಾಗಾದವರಿಗೆ ಈ ಗುಂಪಿನ ಮಾತ್ರೆ ಮತ್ತೆಂದೂ ಸಲ್ಲದು. ಬರೀ ಕೆಮ್ಮಾದರೆ ಒಂದು ಹಂತ ಕೆಳಗೆ ಸರಿಯಬಹುದು. ಲೊಸಾರ್ಟಾನ್, ವಲ್ಸಾರ್ಟಾನ್, ಟೆಲ್ಮಿಸಾರ್ಟಾನ್ ಮುಂತಾದವು ಎಸಿಇಯನ್ನು ಮುಟ್ಟುವುದಿಲ್ಲ. ಆಂಜಿಯೊಟೆನ್ಸಿನ್-2 ಹುಟ್ಟಲಿ ಎಂದು ಬಿಟ್ಟು, ಅದು ಕೂರಬೇಕಾದ ಎಟಿ-1 ಗ್ರಾಹಿಯ ಮೇಲೆ ತಾವೇ ಕುಳಿತುಬಿಡುತ್ತವೆ. ಬ್ರಾಡಿಕೈನಿನ್ ಎಂದಿನಂತೆ ಒಡೆಯುತ್ತದೆ, ಕೆಮ್ಮು ನಿಲ್ಲುತ್ತದೆ. ನಮ್ಮ ರೈತನಿಗೂ ಎನಲಾಪ್ರಿಲ್ ನಿಲ್ಲಿಸಿ ವಲ್ಸಾರ್ಟಾನ್ ಕೊಡುತ್ತಾರೆ.

ಸರಪಳಿಯ ತಲೆಗೇ ಹೋಗಿ ರೆನಿನ್ನನ್ನು ತಡೆದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಯೋಚನೆ ಸಹಜ. ಅಲಿಸ್ಕಿರೆನ್ ಹಾಗೆ ಮಾಡುತ್ತದೆ, 2007ರಲ್ಲಿ ಬಂತು. ಬಿಪಿ ಇಳಿಸಿತು. ಆದರೆ ಮಧುಮೇಹವಿದ್ದವರಲ್ಲಿ ಅದನ್ನು ಹಳೆಯ ತಡೆಗಳ ಮೇಲೆ ಇನ್ನೊಂದು ತಡೆಯಾಗಿ ಸೇರಿಸಿದ ಆಲ್ಟಿಟ್ಯೂಡ್ ಅಧ್ಯಯನವನ್ನು 2011ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅದಕ್ಕೆ ಮೊದಲು, 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟಾನ್ ಎರಡನ್ನೂ ಒಟ್ಟಿಗೆ ಕೊಟ್ಟಾಗಲೂ ಹೆಚ್ಚಿನ ಲಾಭವಾಗಲಿಲ್ಲ, ಮೂತ್ರಪಿಂಡದ ತೊಂದರೆ ಮಾತ್ರ ಹೆಚ್ಚಿತು. ಈ ಫಲಿತಾಂಶಗಳ ಮುಂದೆ ನನ್ನ ಬೆರಗು ಇನ್ನೂ ಗಾಢವಾಗುತ್ತದೆ. ಒಂದು ವ್ಯವಸ್ಥೆಯ ಅತಿ ಕೆಟ್ಟದ್ದೆಂದ ಮಾತ್ರಕ್ಕೆ ಅದರ ಸಂಪೂರ್ಣ ಮೌನ ದೇಹಕ್ಕೆ ಹಿತವಲ್ಲ. ನಿಜವಾದ ನಿರ್ಜಲೀಕರಣ ಬಂದ ದಿನ ಅದೇ ಬೇಕು.

ಇಷ್ಟಕ್ಕೂ ತಡೆದ ಮಾತ್ರಕ್ಕೆ ದೇಹ ಸುಮ್ಮನಾಗುವುದಿಲ್ಲ. ಆಂಜಿಯೊಟೆನ್ಸಿನ್‌ನಿಂದ ಬರಬೇಕಾದ ‘ಸಾಕು’ ಎಂಬ ಮರುಮಾತು ತಲುಪದೆ ರೆನಿನ್ ಮೊದಲಿಗಿಂತಲೂ ಏರುತ್ತದೆ. ಆಲ್ಡೊಸ್ಟಿರೋನ್ ಕೆಲವು ತಿಂಗಳು ಇಳಿದಿದ್ದು, ಅನೇಕರಲ್ಲಿ ಮತ್ತೆ ತಲೆಯೆತ್ತುತ್ತದೆ. ರಕ್ತದಲ್ಲಿನ ಪೊಟ್ಯಾಸಿಯಂ ಏರಿದರೂ ಸಾಕು, ಅಡ್ರಿನಲ್ ಗ್ರಂಥಿ ಆಂಜಿಯೊಟೆನ್ಸಿನ್ನಿನ ಅಪ್ಪಣೆಗೆ ಕಾಯದೆ ಅದನ್ನು ಬಿಡಬಲ್ಲದು. ಹಾಗೆ ಉಳಿದ ಆಲ್ಡೊಸ್ಟಿರೋನ್ ಉಪ್ಪು ಹಿಡಿಯುವುದಲ್ಲದೆ ಹೃದಯದ ಸ್ನಾಯುಗಳ ನಡುವೆ ನಾರು ಬೆಳೆಸಿ ಅದನ್ನು ಪೆಡಸಾಗಿಸುತ್ತದೆ. ಬಹುಕಾಲ ಬರೀ ಮೂತ್ರ ಹೆಚ್ಚಿಸುವ ಮಾತ್ರೆಯೆಂದು ಬಳಕೆಯಲ್ಲಿದ್ದ ಸ್ಪೈರೊನೊಲ್ಯಾಕ್ಟೋನ್ ಇಲ್ಲಿ ಹೊಸ ಜನ್ಮ ಪಡೆಯಿತು. ಅದು ಆಲ್ಡೊಸ್ಟಿರೋನ್‌ನ ಗ್ರಾಹಿಯನ್ನೇ ಹಿಡಿಯುತ್ತದೆ. 1999ರ ರಾಲ್ಸ್ ಅಧ್ಯಯನದಲ್ಲಿ ದಿನಕ್ಕೆ 25 ಮಿಲಿಗ್ರಾಂನ ಆಸುಪಾಸಿನ ಪ್ರಮಾಣ ಸಾವಿನ ಅಪಾಯವನ್ನು ಶೇ. 30ರಷ್ಟು ಇಳಿಸಿತು. ಮೂತ್ರ ಹೆಚ್ಚಿಸಲು ಅಷ್ಟು ಪ್ರಮಾಣ ಏನೇನೂ ಸಾಲದು.

ಆದರೆ ಆಲ್ಡೊಸ್ಟಿರೋನ್ ಪೊಟ್ಯಾಸಿಯಂ ಹೊರಹಾಕುವ ಹಾರ್ಮೋನೂ ಹೌದು. ಅದನ್ನು ತಡೆದರೆ ಪೊಟ್ಯಾಸಿಯಂ ಏರುತ್ತದೆ. ರಾಲ್ಸ್ ಪ್ರಕಟವಾದ ಮೇಲೆ ಕೆನಡಾದ ಒಂಟಾರಿಯೊದಲ್ಲಿ ಸ್ಪೈರೊನೊಲ್ಯಾಕ್ಟೋನ್ ಬಳಕೆ ಹಲವು ಪಟ್ಟು ಏರಿತು. ಎಸಿಇ ತಡೆಯ ಮಾತ್ರೆಯನ್ನೂ ನುಂಗುತ್ತಿದ್ದ ಹೃದಯ ವೈಫಲ್ಯದ ಹಿರಿಯರಲ್ಲಿ, ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದವರು ಸಾವಿರಕ್ಕೆ 2.4 ಇದ್ದದ್ದು 2001ರ ಹೊತ್ತಿಗೆ 11ಕ್ಕೆ ಮುಟ್ಟಿತು. ಅಧ್ಯಯನದಲ್ಲಿ ಪದೇ ಪದೇ ರಕ್ತ ಪರೀಕ್ಷೆ ನಡೆಯುತ್ತಿತ್ತು, ಹೊರಗೆ ಅಷ್ಟಾಗಿ ನಡೆಯಲಿಲ್ಲ.

ನಮ್ಮ ರೈತನಿಗೂ 25 ಮಿಲಿಗ್ರಾಂ ಶುರುವಾಗಿದೆ. ಒಂದು ವಾರಕ್ಕೆ ಪೊಟ್ಯಾಸಿಯಂ 4.8, ನಾಲ್ಕು ವಾರಕ್ಕೆ 5.1. ತಡೆದುಕೊಳ್ಳಬಹುದು. ರೆನಿನ್ ಹೊರಡುವ ಜಾಗದಲ್ಲೇ ಬೀಟಾ-1 ಕರೆಯನ್ನು ತಗ್ಗಿಸುವ ಮೆಟೊಪ್ರೊಲಾಲ್ ಕೂಡ ಸೇರಿದೆ. ತೂಕ ಆರು ಕಿಲೋ ಇಳಿದು, ಎರಡು ದಿಂಬಿನ ಬದಲು ಒಂದರಲ್ಲಿ ಮಲಗುತ್ತಿದ್ದಾನೆ. ಆಮೇಲೆ ಬೇಸಿಗೆಯಲ್ಲೊಂದು ದಿನ ಭೇದಿ. ನಾಲ್ಕೈದು ಸಲ ಹೋಗಿ ಸುಸ್ತಾದವನಿಗೆ ಹೆಂಡತಿ ಪ್ರೀತಿಯಿಂದ ಎಳನೀರು ಕುಡಿಸುತ್ತಾಳೆ, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತರಿಸುತ್ತಾಳೆ. ಮಾತ್ರೆ ಬಿಡಬಾರದೆಂದು ಹೇಳಿದ್ದಾರಲ್ಲ ಎಂದು ಎಲ್ಲ ಮಾತ್ರೆಯನ್ನೂ ನುಂಗಿಸುತ್ತಾಳೆ. ಇಂದು ಮೂತ್ರಪಿಂಡಕ್ಕೆ ತಲುಪಿದ ಬರದ ಸುದ್ದಿ ನಿಜವಾದದ್ದು. ಆದರೆ ಅದು ಉತ್ತರ ಕೊಡುವ ದಾರಿಗಳನ್ನೆಲ್ಲ ಮಾತ್ರೆಗಳು ಮುಚ್ಚಿವೆ. ನೋವಿನ ಮಾತ್ರೆ ಒಳನಾಳವನ್ನು ಕುಗ್ಗಿಸುತ್ತದೆ, ಹೊರನಾಳ ಬಿಗಿಯಲಾರದು, ಸೋಸುವಿಕೆ ಬಿದ್ದುಹೋಗುತ್ತದೆ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂಗೂ ಮಿಕ್ಕಿ ಪೊಟ್ಯಾಸಿಯಂ ಇರಬಹುದು. ಮೂರನೆಯ ದಿನ ಕಾಲು ಸೋಲುತ್ತದೆಂದು ಆಸ್ಪತ್ರೆಗೆ ಬಂದಾಗ ಪೊಟ್ಯಾಸಿಯಂ 6.4, ಕ್ರಿಯಾಟಿನಿನ್ 2.6, ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ ಎದ್ದಿವೆ. ಹೃದಯವನ್ನು ಕಾಯಲು ಕ್ಯಾಲ್ಸಿಯಂ, ಪೊಟ್ಯಾಸಿಯಮನ್ನು ಜೀವಕೋಶದೊಳಗೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್, ಎಚ್ಚರದಿಂದ ಒಂದಿಷ್ಟು ಡ್ರಿಪ್. ಮೂರು ದಿನದಲ್ಲಿ ಅಂಕಿಗಳು ಮೊದಲಿನ ಜಾಗಕ್ಕೆ ಮರಳುತ್ತವೆ.

ಹೊರಡುವಾಗ ಹೆಂಡತಿ ಅಳುಕುತ್ತ ಕೇಳುತ್ತಾಳೆ: “ಹಂಗಾದ್ರೆ ಈ ಮಾತ್ರೆಗಳು ಬ್ಯಾಡ್ವಾ ಡಾಕ್ಟ್ರೇ?”

“ಬೇಕಮ್ಮ, ಅವೇ ಇವರನ್ನ ಉಳಿಸಿರೋದು. ವಾಂತಿ ಭೇದಿ ಆದ ದಿನ ಮಾತ್ರ ಇವು ಎರಡನ್ನೂ, ಈ ನೀರಿನ ಮಾತ್ರೆನೂ ನಿಲ್ಲಿಸಿ, ನಮಗೆ ಫೋನ್ ಮಾಡಿ. ಊಟ ಸರಿಯಾಗಿ ಸೇರಿ ಒಂದೆರಡು ದಿನ ಆದ ಮೇಲೆ ಮತ್ತೆ ಶುರು ಮಾಡಿ. ನೋವಿನ ಮಾತ್ರೆ ಕೇಳದೆ ತಗೋಬೇಡಿ. ಬಿಪಿಗೆ ಒಳ್ಳೇದು ಅಂತ ಕಮ್ಮಿ ಸೋಡಿಯಂ ಉಪ್ಪು ಮಾರ್ತಾರಲ್ಲ, ಅದ್ರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ, ಅದೂ ಬೇಡ.”

ವಲ್ಸಾರ್ಟಾನ್ ಮೊದಲು ಶುರುವಾಗುತ್ತದೆ, ವಾರದ ಮೇಲೆ ರಕ್ತ ಪರೀಕ್ಷೆ, ಪೊಟ್ಯಾಸಿಯಂ 5ರೊಳಗಿದ್ದರೆ ಸ್ಪೈರೊನೊಲ್ಯಾಕ್ಟೋನ್ ಅರ್ಧ ಮಾತ್ರೆಯಿಂದ. ಮುಂದಿನ ಭೇಟಿಗಳಲ್ಲಿ ಬಿಪಿ ತಡೆದುಕೊಂಡರೆ ವಲ್ಸಾರ್ಟಾನ್ ಜೊತೆ ಸಕ್ಯುಬಿಟ್ರಿಲ್ ಬೆರೆತ ಮಾತ್ರೆಗೆ ಬದಲಿಸುವ ಆಲೋಚನೆ ವೈದ್ಯರದು. ನೀರು ತುಂಬಿ ಹಿಗ್ಗಿದ ಹೃದಯವೇ ‘ಉಪ್ಪು ಬಿಡು’ ಎಂದು ಮೂತ್ರಪಿಂಡಕ್ಕೆ ಕಳಿಸುವ ಹಾರ್ಮೋನುಗಳಿವೆ. ಅವನ್ನು ಒಡೆಯುವ ನೆಪ್ರಿಲೈಸಿನ್ ಕಿಣ್ವವನ್ನು ಸಕ್ಯುಬಿಟ್ರಿಲ್ ತಡೆಯುತ್ತದೆ. ಅದೇ ಕಿಣ್ವ ಆಂಜಿಯೊಟೆನ್ಸಿನ್-2 ಅನ್ನೂ ಒಡೆಯುವುದರಿಂದ ವಲ್ಸಾರ್ಟಾನ್ ಜೊತೆಗಿರಲೇಬೇಕು. ಅದು ಬ್ರಾಡಿಕೈನಿನನ್ನೂ ಒಡೆಯುವುದರಿಂದ ಎನಲಾಪ್ರಿಲ್‌ನಂಥ ಮಾತ್ರೆ ಹತ್ತಿರ ಸುಳಿಯಬಾರದು, ನಡುವೆ 36 ಗಂಟೆಯ ಬಿಡುವು ಬೇಕು. ಇವನು ಎನಲಾಪ್ರಿಲ್ ಬಿಟ್ಟು ಬಹಳ ದಿನವಾಯಿತು, ಆ ಕಾಯುವಿಕೆ ಬೇಕಿಲ್ಲ. ಆದರೂ ಮನೆಯ ಮಾತ್ರೆ ಡಬ್ಬಿಯಲ್ಲಿ ಹಳೆಯ ಪಟ್ಟಿ ಉಳಿದಿರಬಹುದೆಂದು, ಮುಂದಿನ ಸಲ ಡಬ್ಬಿಯನ್ನೇ ತರಲು ಹೇಳಿ ಕಳಿಸುತ್ತಾರೆ.